ಬೆಲ್ಟಿನ ಗೆರೆ ಬೇರೆ, ಪಂಚೆಯ ಸೊಂಟ ಬೇರೆ

ನಂಜನಗೂಡಿನ ದೊಡ್ಡ ಜಾತ್ರೆ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಬರುತ್ತದೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂದು ಐದು ತೇರು ಎಳೆಯುವ ಜಾತ್ರೆ ಅದು. ಬಿಸಿಲು ಏರುವ ಹೊತ್ತಿಗೆ ರಥಬೀದಿಯ ಉದ್ದಕ್ಕೂ ಅರವಟ್ಟಿಗೆಗಳು ಎದ್ದಿರುತ್ತವೆ. ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವವರು ತಮ್ಮ ಅರವಟ್ಟಿಗೆಯ ಪೋಸ್ಟರನ್ನು ಎರಡು ವಾರ ಮುಂಚೆಯೇ ಅಂಟಿಸಬೇಕು. ಹಾಗಾಗಿ ಆ ದಿನಗಳಲ್ಲಿ ಮೈಸೂರಿನ ನಮ್ಮ ಡಿಟಿಪಿ ಅಂಗಡಿಯಲ್ಲಿ ರಾತ್ರಿ ಹತ್ತಕ್ಕೂ ದೀಪ ಆರುತ್ತಿರಲಿಲ್ಲ. ನಾನು ಹೇಳುವುದು ಫ್ಲೆಕ್ಸ್ ನಿಷೇಧ ಇನ್ನೂ ಬಂದಿರದ, 2016ಕ್ಕೆ ಮುಂಚಿನ ಮಾತು. ಆಗಲೂ ಕೆಲವರು ಹಟ ಹಿಡಿದು ಕಾಗದದ ಪೋಸ್ಟರನ್ನೇ ಮಾಡಿಸುತ್ತಿದ್ದರು. ಅಂಥ ಒಂದು ಮನೆಯವರು ಒಂದು ಸಂಜೆ ಅಂಗಡಿಗೆ ಬಂದರು.

ಬಂದವರು ಮೂರು ಜನ. ಐವತ್ತೈದು ದಾಟಿದ ಒಬ್ಬ ತಾಯಿ, ಅವರ ಮಗ, ಮಗನ ಚಿಕ್ಕಪ್ಪ. ಆ ತಾಯಿಯ ಯಜಮಾನರು ವರ್ಷಾನುಗಟ್ಟಲೆ ಜಾತ್ರೆಯಲ್ಲಿ ಪಾನಕದ ಸೇವೆ ನಡೆಸಿಕೊಂಡು ಬಂದವರು, ಹಿಂದಿನ ಮಳೆಗಾಲದಲ್ಲಿ ತೀರಿಹೋಗಿದ್ದರು. ಈ ಸಲದ ಸೇವೆ ಅವರ ನೆನಪಿನಲ್ಲಿ. ಪೋಸ್ಟರಿನಲ್ಲಿ ಅವರ ಚಿತ್ರ ಇರಬೇಕು. ಆದರೆ ಜಾತ್ರೆಯಲ್ಲಿ ಯಾವಾಗಲೂ ಕೆಲಸದ ನಡುವೆ ಇರುತ್ತಿದ್ದ ಮನುಷ್ಯ ಕ್ಯಾಮೆರಾ ಮುಂದೆ ನಿಂತದ್ದೇ ಇಲ್ಲ. ತಲೆಯಿಂದ ಕಾಲಿನವರೆಗೆ ಸ್ಪಷ್ಟವಾಗಿ ಬಂದಿದ್ದ ಒಂದೇ ಫೋಟೋ ಯಾರದೋ ಗೃಹಪ್ರವೇಶದ್ದು. ಅದರಲ್ಲಿ ಅವರು ತಿಳಿನೀಲಿ ಅರ್ಧ ತೋಳಿನ ಷರ್ಟನ್ನು ಕಪ್ಪು ಪ್ಯಾಂಟಿನೊಳಗೆ ಸೇರಿಸಿ, ಬೆಲ್ಟ್ ಹಾಕಿಕೊಂಡು ನಿಂತಿದ್ದರು.

"ಪಂಚೆ, ಅಂಗವಸ್ತ್ರದಲ್ಲಿ ಮಾಡಿಕೊಡಿ ಸಾರ್," ಎಂದ ಮಗ. ಬೇರೆ ಕಡೆ ಆಗಲೇ ಮಾಡಿಸಿದ್ದ ಒಂದು ಪ್ರಿಂಟನ್ನೂ ಮೇಜಿನ ಮೇಲಿಟ್ಟ. "ಇದು ಅಮ್ಮನಿಗೆ ಒಪ್ಪಿಗೆ ಆಗಲಿಲ್ಲ."

ಅದು ಆ ಕಾಲದಲ್ಲಿ ಎಲ್ಲ ಅಂಗಡಿಗಳಲ್ಲೂ ನಡೆಯುತ್ತಿದ್ದ ರೀತಿಯ ಕೆಲಸ. ಪಂಚೆ, ಶಲ್ಯ, ಕೋಟು, ಪೇಟಗಳ ತಲೆಯಿಲ್ಲದ ಚಿತ್ರಗಳು ತುಂಬಿದ ಡಿವಿಡಿಗಳು ಮಾರುಕಟ್ಟೆಯಲ್ಲಿ ಸಿಗುತ್ತಿದ್ದವು. ಬೇಕಾದ್ದನ್ನು ತೆರೆದು, ಗಿರಾಕಿಯ ತಲೆಯನ್ನು ಕತ್ತರಿಸಿ ಕೂರಿಸಿದರೆ ಪೋಸ್ಟರ್ ಮುಗಿಯಿತು. ಈ ಪ್ರಿಂಟಿನಲ್ಲೂ ಹೊಳೆಯುವ ರೇಷ್ಮೆ ಪಂಚೆಯ, ಸಪೂರ ಸೊಂಟದ ಯಾರದೋ ಮೈ ಮೇಲೆ ಅವರ ಮುಖ ಕೂತಿತ್ತು. ಮುಖದ ಮೇಲೆ ಬೆಳಕು ಒಂದು ಕಡೆಯಿಂದ, ಪಂಚೆಯ ಮೇಲೆ ಇನ್ನೊಂದು ಕಡೆಯಿಂದ. ಆ ತಾಯಿ ಬೆಳಕಿನ ಮಾತು ಎತ್ತಲಿಲ್ಲ. ಹೊಟ್ಟೆಯ ಜಾಗದಲ್ಲಿ ಬೆರಳಿಟ್ಟು, "ಇವರು ಉಟ್ಟಿರೋದಲ್ಲ ಕಣಪ್ಪಾ ಇದು. ಯಾರೋ ಉಟ್ಟು ನಿಂತವರೆ," ಎಂದರು.

ಮುಂದಿನ ಕೆಲಸಕ್ಕೆಲ್ಲ ಆ ಮಾತೇ ದಾರಿ ತೋರಿಸಿತು. ಷರ್ಟು ಹೊಲಿದ ಬಟ್ಟೆ. ಯಾರು ತೊಟ್ಟರೂ ಅದರ ಆಕಾರ ಬಹುಪಾಲು ದರ್ಜಿ ಕೊಟ್ಟದ್ದೇ. ಪಂಚೆ ಹಾಗಲ್ಲ. ಅದು ಉದ್ದನೆಯ ಒಂದು ಅರಿವೆ ಅಷ್ಟೆ. ಉಟ್ಟವರ ಹೊಟ್ಟೆ, ಸೊಂಟ, ಅವರು ಭಾರ ಹಾಕಿ ನಿಂತ ಕಾಲು, ಅವರ ಕೈ ಬಿಗಿದ ಬಿಗಿ, ಇವೆಲ್ಲ ಸೇರಿ ಅದಕ್ಕೆ ಆಕಾರ ಕೊಡುತ್ತವೆ. ಒಬ್ಬರ ಪಂಚೆಯನ್ನು ಇನ್ನೊಬ್ಬರ ಮೈಗೆ ಅಂಟಿಸಿದರೆ ಮನೆಯವರ ಕಣ್ಣಿಗೆ ಅದು ಗೊತ್ತಾಗಿಯೇ ಆಗುತ್ತದೆ.

ನಾನು ಆ ತಾಯಿಯನ್ನು ಕೂರಿಸಿ ಕೇಳುತ್ತಾ ಹೋದೆ. ಹತ್ತಿಯದೋ ರೇಷ್ಮೆಯದೋ? ಹತ್ತಿ, ಎಂಟು ಮೊಳ, ಬೆರಳಗಲದ ಜರಿ ಅಂಚು. ಗಂಜಿ ಹಾಕುತ್ತಿದ್ದಿರಾ? ತೆಳುವಾಗಿ. ಅಡ್ಡಪಂಚೆಯೋ, ಕಚ್ಚೆಯೋ? ಮನೆಯಲ್ಲಿ ಅಡ್ಡಪಂಚೆ, ಜಾತ್ರೆಗೆ ಕಚ್ಚೆಪಂಚೆ. ಶಲ್ಯ ಎಡಹೆಗಲಿಗೆ ಹಾಕಿಕೊಳ್ಳುತ್ತಿದ್ದರೋ, ಹೊದೆಯುತ್ತಿದ್ದರೋ? "ಎರಡೂ ಹೆಗಲ ಮೇಲೆ ಹೊದ್ದು, ತುದಿ ಎರಡನ್ನೂ ಮುಂದಕ್ಕೆ ಬಿಟ್ಕೊಳ್ಳೋರು. ಬರೀ ಮೈಲಿ ನಿಲ್ಲೋರಲ್ಲ."

ಈ ಕೊನೆಯ ಉತ್ತರ ಕೆಲಸವನ್ನು ಅರ್ಧದಷ್ಟು ಹಗುರ ಮಾಡಿತು. ಶಲ್ಯ ಒಂದೇ ಹೆಗಲ ಮೇಲಿದ್ದರೆ ಷರ್ಟಿನ ಕೆಳಗಿದ್ದ ಎದೆ, ಹೊಟ್ಟೆ, ತೋಳು ಎಲ್ಲವನ್ನೂ ಹೊಸದಾಗಿ ಮಾಡಬೇಕು. ಎರಡೂ ಹೆಗಲನ್ನು ಮುಚ್ಚಿದ್ದರೆ ಕಾಣುವುದು ಕುತ್ತಿಗೆಯ ಕೆಳಗೆ ಮೇಲಿಂದ ಕಿರಿದಾಗುತ್ತ ಬರುವ ಒಂದು ಪಟ್ಟಿಯಷ್ಟು ಎದೆ, ಆಮೇಲೆ ಮೊಣಕೈ ಕೆಳಗಿನ ಕೈ. ಕೈಗಳು ಹೇಗೂ ಅವರವೇ, ಫೋಟೋದಲ್ಲೇ ಇದ್ದವು.

ಪಂಚೆಯನ್ನು ಎಲ್ಲಿಂದ ತರುವುದು? ನಮ್ಮ ಅಂಗಡಿಯ ಯಜಮಾನರು ಸುಮ್ಮನೆ ಕೂತಿದ್ದ ಚಿಕ್ಕಪ್ಪನ ಕಡೆ ನೋಡಿದರು. ಅಣ್ಣನದೇ ಎತ್ತರ, ಹೆಚ್ಚೂ ಕಡಿಮೆ ಅಣ್ಣನದೇ ಹೊಟ್ಟೆ. "ಅಣ್ಣಾವ್ರ ಪಂಚೆ ಮನೇಲಿದ್ಯಾ?" ಎಂದು ಕೇಳಿದರು. "ಮಡಿಸಿಟ್ಟಿದೀನಿ," ಎಂದರು ತಾಯಿ. ಮಾರನೆಯ ದಿನ ಬೆಳಿಗ್ಗೆ ಅದೇ ಪಂಚೆ, ಅದೇ ಶಲ್ಯ ತಂದು ಚಿಕ್ಕಪ್ಪನಿಗೆ ಉಡಿಸಿ ಫೋಟೋ ತೆಗೆಯುವುದು ಎಂದು ಗೊತ್ತುಮಾಡಿದೆವು.

ಆ ರಾತ್ರಿ ನಾನು ಹಳೆಯ ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿ ಓದುತ್ತಾ ಕೂತೆ. ಹೊಸ ಫೋಟೋ ಹಳೆಯದಕ್ಕೆ ಸೇರಬೇಕಾದರೆ ಮೂರು ಸಂಗತಿ ಒಂದೇ ಆಗಿರಬೇಕು: ಬೆಳಕು ಬಂದ ದಿಕ್ಕು, ಕ್ಯಾಮೆರಾ ಇದ್ದ ಎತ್ತರ, ಮನುಷ್ಯ ನಿಂತ ಭಂಗಿ. ಮೂಗಿನ ನೆರಳು ಅವರ ಎಡಗೆನ್ನೆಯ ಕಡೆ ಬಿದ್ದಿತ್ತು. ಅಂದರೆ ಬೆಳಕು ಅವರ ಬಲಗಡೆಯಿಂದ, ತುಸು ಮೇಲಿನಿಂದ ಬಂದಿತ್ತು. ನೆರಳಿನ ಅಂಚು ಮೆತ್ತಗಿತ್ತು. ಕಿಟಕಿಯ ಬೆಳಕೇ ಇರಬೇಕು, ಫ್ಲ್ಯಾಷ್ ಅಲ್ಲ. ಕ್ಯಾಮೆರಾದ ಎತ್ತರವನ್ನು ನೆಲದ ಟೈಲ್ಸ್ ಹೇಳಿತು. ಟೈಲ್ಸಿನ ಸಾಲುಗಳು ದೂರ ಹೋದಂತೆ ಹತ್ತಿರವಾಗುತ್ತವೆ. ಆ ಗೆರೆಗಳನ್ನು ಸ್ಕೇಲಿಟ್ಟು ಮುಂದುವರಿಸಿದರೆ ಅವು ಕೂಡುವ ಬಿಂದು ಎಷ್ಟು ಎತ್ತರದಲ್ಲಿದೆಯೋ ಕ್ಯಾಮೆರಾ ಕೂಡ ಅಷ್ಟೇ ಎತ್ತರದಲ್ಲಿ ಇತ್ತು ಎಂದು ಅರ್ಥ. ಇಲ್ಲಿ ಅವು ಷರ್ಟಿನ ಜೇಬಿನ ಮಟ್ಟದಲ್ಲಿ ಕೂಡಿದವು. ಹಾಗಾದರೆ ಎದೆಯ ಮಟ್ಟ. ಎದೆಗಿಂತ ಕೆಳಗಿರುವ ಸೊಂಟವನ್ನು ಕ್ಯಾಮೆರಾ ತುಸು ಮೇಲಿನಿಂದ ನೋಡಿರುತ್ತದೆ, ಆದ್ದರಿಂದ ಪಂಚೆಯ ಸೊಂಟದ ಅಂಚು ಮುಂದುಗಡೆ ಕೆಳಕ್ಕೆ ಬಾಗಿ ಕಾಣಬೇಕು. ಬೇರೆ ಕಡೆ ಮಾಡಿದ್ದ ಪ್ರಿಂಟಿನಲ್ಲಿ ಅದು ಗೆರೆ ಎಳೆದ ಹಾಗೆ ನೇರವಾಗಿತ್ತು. ಹೊಟ್ಟೆ ಚಪ್ಪಟೆಯಾಗಿ ಕಂಡದ್ದಕ್ಕೆ ಅದೂ ಒಂದು ಕಾರಣ.

ಭಂಗಿಯನ್ನು ಬೆಲ್ಟೂ ಹೆಗಲೂ ತೋರಿಸಿದವು. ಅವರ ಬಲ ಸೊಂಟ ಕೊಂಚ ಮೇಲಿತ್ತು, ಬಲ ಹೆಗಲು ಕೊಂಚ ಕೆಳಗಿತ್ತು. ಭಾರವೆಲ್ಲ ಬಲಗಾಲಿನ ಮೇಲೆ. ಎಡ ಮೊಣಕಾಲು ಸಡಿಲವಾಗಿ ಮುಂದಕ್ಕೆ ಬಂದಿತ್ತು. ಪ್ಯಾಂಟಿನಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಪಂಚೆಯಲ್ಲಾದರೆ ಭಾರ ಹೊತ್ತ ಕಾಲಿನ ಕಡೆ ಬಟ್ಟೆ ನೇರವಾಗಿ ಇಳಿಯುತ್ತದೆ, ಮುಂದೆ ಬಂದ ಮೊಣಕಾಲಿನ ಮೇಲೆ ಬಿಗಿದು ನುಣುಪಾಗುತ್ತದೆ, ಆ ಮೊಣಕಾಲಿನ ಕೆಳಗೆ ಮತ್ತೆ ಸಡಿಲಗೊಂಡು ಮಡಿಕೆ ಬೀಳುತ್ತದೆ.

ಮಾರನೆಯ ದಿನ ಅಂಗಡಿಯ ಹಿಂದಿನ ಸ್ಟುಡಿಯೋದಲ್ಲಿ ಪಂಚೆ ಉಡುವ ಕೆಲಸ ನಡೆಯಿತು. ಚಿಕ್ಕಪ್ಪ ಉಡಲು ಶುರುಮಾಡಿದಾಗ ತಾಯಿ ತಡೆದರು. "ನಿಮ್ಮಣ್ಣ ಇಷ್ಟು ಕೆಳಗೆ ಉಡ್ತಿರಲಿಲ್ಲ, ಹೊಕ್ಕುಳಿನ ಮೇಲೆ ಬರಬೇಕು." "ಆಯ್ತು ಅತ್ತಿಗೆ," ಎಂದು ಅವರು ಮತ್ತೆ ಬಿಚ್ಚಿ ಉಟ್ಟರು. ನಾನು ಪಕ್ಕದಲ್ಲಿ ನಿಂತು ಪ್ರತಿ ಹಂತದ ಫೋಟೋ ತೆಗೆದುಕೊಂಡೆ. ಪೋಸ್ಟರಿಗೆ ಅವು ಬೇಡ. ಯಾವ ಮಡಿಕೆ ಯಾವುದರ ಕೆಳಗೆ ಹೋಗಿದೆ ಎಂದು ಆಮೇಲೆ ತಿಳಿಯಲು ಬೇಕು.

ಎಂಟು ಮೊಳ ಎಂದರೆ ಸುಮಾರು 3.6 ಮೀಟರ್ ಉದ್ದ. ಅದರ ನಡುಭಾಗವನ್ನು ಬೆನ್ನ ಹಿಂದೆ ಹಿಡಿದು, ಎರಡು ತುದಿಗಳನ್ನೂ ಮುಂದಕ್ಕೆ ತಂದು, ಮೇಲಂಚನ್ನು ಹೊಟ್ಟೆಗೆ ಬಿಗಿಯಾಗಿ ಎಳೆದು ಹೊಕ್ಕುಳಿನ ಹತ್ತಿರ ಗಂಟು ಹಾಕಿದರು. ಪಂಚೆಯ ಪೂರ್ತಿ ಭಾರವನ್ನು ಹೊರುವುದು ಈ ಗಂಟು. ಆಮೇಲೆ ಒಂದು ತುದಿಯನ್ನು ನೆರಿಗೆ ಹಿಡಿದು, ಕಾಲುಗಳ ನಡುವೆ ಹಿಂದಕ್ಕೆ ಒಯ್ದು, ಬೆನ್ನಿನ ನಡುವೆ ಸೊಂಟಕ್ಕೆ ಸಿಕ್ಕಿಸಿದರು. ಅದು ಕಚ್ಚೆ. ಉಳಿದ ತುದಿಯನ್ನು ಮುಂದುಗಡೆ ನಾಲ್ಕು ಬೆರಳಗಲದ ನೆರಿಗೆಗಳಾಗಿ ಒಂದರ ಮೇಲೊಂದು ಹಿಡಿದು, ಜರಿ ಅಂಚು ಹೊರಗೆ ಬರುವಂತೆ ಸರಿಮಾಡಿ, ಗಂಟಿನ ಮೇಲೆಯೇ ಒಳಕ್ಕೆ ಸಿಕ್ಕಿಸಿದರು. ಕೊನೆಗೆ ಸೊಂಟದ ಮೇಲಂಚನ್ನು ಸುತ್ತಲೂ ಒಂದು ಮಡಿಕೆ ಹೊರಕ್ಕೆ ಸುರುಳಿ ಸುತ್ತಿದರು. ಇದರಿಂದ ಸಿಕ್ಕಿಸಿದ್ದು ಜಾರುವುದಿಲ್ಲ.

ಹತ್ತಿರದಿಂದ ನೋಡಿದಾಗ ಸೊಂಟದಲ್ಲಿ ಎರಡು ಬಗೆಯ ಗೆರೆಗಳು ಬೇರೆ ಬೇರೆಯಾಗಿ ಕಂಡವು. ಒಂದು, ಗಂಟಿನಿಂದ ಹೊರಟು ಎರಡೂ ಸೊಂಟದ ಕಡೆಗೆ ಓರೆಯಾಗಿ ಹೋಗುವ ಸಣ್ಣ ಎಳೆತದ ಗೆರೆಗಳು. ಬಟ್ಟೆ ಬಿಗಿದಿರುವ ಕಡೆ ಮಾತ್ರ ಇವು ಮೂಡುತ್ತವೆ. ಗಂಟಿನ ಹತ್ತಿರ ಒತ್ತಾಗಿದ್ದು ದೂರ ಹೋದಂತೆ ಮಾಯವಾಗುತ್ತವೆ. ಇನ್ನೊಂದು, ಸಿಕ್ಕಿಸಿದ ಜಾಗದಿಂದ ನೇರ ಕೆಳಗಿಳಿಯುವ ನೆರಿಗೆಗಳು. ಇವು ಮೇಲೆ ಒತ್ತಾಗಿ ಒಂದೇ ಹಿಡಿಯಲ್ಲಿ ಇರುತ್ತವೆ, ಕೆಳಗೆ ಹೋದಂತೆ ಬಿಚ್ಚಿಕೊಳ್ಳುತ್ತವೆ. ಮೇಲೆಯೂ ಕೆಳಗೂ ಒಂದೇ ಅಗಲ ಇರುವ ನೆರಿಗೆ ಉಟ್ಟ ಪಂಚೆಯಲ್ಲಿ ಇರುವುದಿಲ್ಲ, ಇಸ್ತ್ರಿ ಮಾಡಿ ಮಡಿಸಿಟ್ಟ ಪಂಚೆಯಲ್ಲಿ ಮಾತ್ರ ಇರುತ್ತದೆ.

ಚಿಕ್ಕಪ್ಪನನ್ನು ಹಳೆಯ ಫೋಟೋದ ಭಂಗಿಯಲ್ಲೇ ನಿಲ್ಲಿಸಿದೆವು, ಭಾರ ಬಲಗಾಲಿಗೆ, ಎಡ ಮೊಣಕಾಲು ಸಡಿಲ. ಅವರ ಬಲಗಡೆಗೆ ಛತ್ರಿ ಕಟ್ಟಿದ ಒಂದು ದೀಪ, ಎಡಗಡೆಗೆ ಒಂದು ಥರ್ಮಾಕೋಲ್ ಹಲಗೆ. ಕ್ಯಾಮೆರಾ ಎದೆಯ ಮಟ್ಟದಲ್ಲಿ, ಹಳೆಯ ಫೋಟೋ ತೆಗೆದಷ್ಟೇ ದೂರದಲ್ಲಿ. ದೂರದ ವಿಷಯದಲ್ಲಿ ಅವಸರ ಕೂಡದು. ಹತ್ತಿರ ಹೋಗಿ ತೆಗೆದರೆ ಹೊಟ್ಟೆ ಉಬ್ಬಿ, ಕಾಲು ಸಣ್ಣದಾಗಿ ಬರುತ್ತದೆ, ಆಮೇಲೆ ಎಷ್ಟು ಎಳೆದರೂ ಎರಡು ಮೈ ಕೂಡುವುದಿಲ್ಲ. ಪಂಚೆ ಶಲ್ಯ ಎರಡೂ ಬಿಳಿ ಆದ್ದರಿಂದ ಎಕ್ಸ್‌ಪೋಷರನ್ನು ಬೇಕೆಂದೇ ಕಡಿಮೆ ಇಟ್ಟೆ. ಒಮ್ಮೆ ಸುಟ್ಟು ಬಿಳುಚಿದ ಬಟ್ಟೆಯಲ್ಲಿ ನೆರಿಗೆಯ ಗುರುತೇ ಉಳಿದಿರುವುದಿಲ್ಲ. ಕಂಪ್ಯೂಟರಿನಲ್ಲಿ ಕಪ್ಪು ಮಾಡಿದರೆ ಬರೀ ಬೂದು ಬಣ್ಣ ಬರುತ್ತದೆ.

ಕಂಪ್ಯೂಟರಿನ ಕೆಲಸ ಸೊಂಟದಿಂದ ಶುರುವಾಯಿತು. ಹೊಸಬರು ಮೊದಲು ಮಾಡುವುದು ಪಂಚೆಯ ಮೇಲಂಚನ್ನು ಪ್ಯಾಂಟಿನ ಬೆಲ್ಟಿಗೆ ಕೂರಿಸುವುದು, ಕಣ್ಣಿಗೆ ಅಲ್ಲೊಂದು ಗೆರೆ ಸಿದ್ಧವಾಗಿ ಕಾಣುತ್ತದಲ್ಲ. ಆದರೆ ಹೊಟ್ಟೆಯಿರುವ ಗಂಡಸರು ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಪಂಚೆಯನ್ನು ಹೊಟ್ಟೆಯ ಮೇಲೆ ಬಿಗಿಯುತ್ತಾರೆ. ಈ ಫೋಟೋದಲ್ಲಿ ಎರಡಕ್ಕೂ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಅಂತರವಿತ್ತು. ಪಂಚೆ ಬೆಲ್ಟಿಗೆ ಕೂತರೆ ಕಾಲು ಗಿಡ್ಡವಾಗುತ್ತದೆ, ಮುಂಡ ಉದ್ದವಾಗುತ್ತದೆ, ಹೊಟ್ಟೆ ಪಂಚೆಯ ಮೇಲೆ ಜೋತು ಬಿದ್ದ ಹಾಗೆ ಕಾಣುತ್ತದೆ. ಹೊಕ್ಕುಳು ಷರ್ಟಿನ ಕೆಳಗೆ ಎಲ್ಲಿದೆ ಎಂದು ತಿಳಿಯಲು ಗುಂಡಿಗಳ ಸಾಲು ನೆರವಾಯಿತು. ಹೊಟ್ಟೆ ಎಲ್ಲಿ ಹೆಚ್ಚು ಮುಂದೆ ಬಂದಿದೆಯೋ ಅಲ್ಲಿ ಗುಂಡಿಯ ಎರಡೂ ಬದಿ ಷರ್ಟು ಅಡ್ಡಕ್ಕೆ ಎಳೆದಿರುತ್ತದೆ. ಕೈ ಇಳಿಬಿಟ್ಟಾಗ ಮೊಣಕೈ ಬರುವ ಮಟ್ಟವನ್ನೂ ನೋಡಿದೆ. ಇವೆರಡನ್ನೂ ಚಿಕ್ಕಪ್ಪನ ಫೋಟೋಗೆ ಹೋಲಿಸಿ, ಪಂಚೆಯ ಸೊಂಟಕ್ಕೆ ಒಂದು ಗೆರೆ ಹಾಕಿಕೊಂಡೆ. ಆ ಗೆರೆ ಮುಂದೆ ಕೆಳಕ್ಕೆ ಬಾಗಿತ್ತು, ಬಲಗಡೆ ತುಸು ಏರಿತ್ತು.

ಪೆನ್ ಟೂಲಿನಲ್ಲಿ ಪಂಚೆಯನ್ನೂ ಶಲ್ಯವನ್ನೂ ಬೇರೆ ಬೇರೆ ಬಿಡಿಸಿ, ಎರಡು ಲೇಯರ್ ಮಾಡಿದೆ. ಅಳಿಸುವ ಬದಲು ಎಲ್ಲವನ್ನೂ ಮಾಸ್ಕ್ ಹಾಕಿ ಮರೆಮಾಡಿದೆ, ಬೇಕಾದಾಗ ವಾಪಸ್ ತರಬಹುದು. ಅಣ್ಣನ ಸೊಂಟ ತಮ್ಮನಿಗಿಂತ ಕೊಂಚ ಅಗಲ. ವಾರ್ಪ್ ಹಾಕಿ ಪಂಚೆಯನ್ನು ಅಗಲಿಸಬೇಕಾಯಿತು. ಇಲ್ಲಿ ಒಂದು ಎಚ್ಚರ ಬೇಕು. ನಿಜವಾದ ಪಂಚೆ ಅಗಲವಾದ ಸೊಂಟಕ್ಕೆ ಬಂದಾಗ ನೆರಿಗೆ ಅಗಲವಾಗುವುದಿಲ್ಲ. ಸುತ್ತಿಗೆ ಹೆಚ್ಚು ಬಟ್ಟೆ ಹೋಗಿ, ಮುಂದೆ ನೆರಿಗೆಯ ಸಂಖ್ಯೆ ಕಡಿಮೆಯಾಗುತ್ತದೆ ಅಷ್ಟೆ. ಆದ್ದರಿಂದ ನಡುವಿನ ನೆರಿಗೆಯ ಕಟ್ಟನ್ನು ಮುಟ್ಟದೆ, ಎರಡು ಪಕ್ಕದ ಬಿಗಿದ ಬಟ್ಟೆಯನ್ನಷ್ಟೇ ಹೊರಕ್ಕೆ ಎಳೆದೆ.

ಎಳೆದ ಮೇಲೆ ನೋಡಬೇಕಾದದ್ದು ಜರಿ ಅಂಚು. ನೆರಿಗೆಯಲ್ಲಿ ಏನಾದರೂ ಹದ ತಪ್ಪಿದ್ದರೆ ಅಂಚು ಮೊದಲು ಹೇಳಿಬಿಡುತ್ತದೆ. ಬೆರಳಗಲದ ಅಂಚು ನೇಯ್ದದ್ದು, ಅದು ಪಂಚೆಯ ಉದ್ದಕ್ಕೂ ಅಷ್ಟೇ ಅಗಲ. ನೆರಿಗೆ ಓರೆಯಾಗಿ ತಿರುಗಿದ ಕಡೆ ಅಂಚು ಕಿರಿದಾಗಿ ಕಾಣಬಹುದು, ಆದರೆ ನಮ್ಮತ್ತ ಮುಖ ಮಾಡಿದ ಯಾವ ಮಡಿಕೆಯಲ್ಲೂ ಇದ್ದದ್ದಕ್ಕಿಂತ ದಪ್ಪವಾಗಲಾರದು. ವಾರ್ಪ್ ಮಾಡಿದಾಗ ಪಾದದ ಹತ್ತಿರ ಅದು ಎರಡು ಕಡೆ ದಪ್ಪಗಾಗಿತ್ತು. ಅಲ್ಲಿ ಎಳೆತವನ್ನು ಹಿಂದಕ್ಕೆ ತೆಗೆದುಕೊಂಡು, ಅಂಚಿನ ತುಂಡನ್ನು ಮೂಲ ಫೋಟೋದಿಂದ ಮತ್ತೆ ತಂದು ಕೂರಿಸಿದೆ.

ಮಧ್ಯಾಹ್ನ ಯಜಮಾನರು ಬಂದು ನನ್ನ ಹಿಂದೆ ನಿಂತರು. ಅವರು ಬ್ರಷ್ಷಿನ ಕಾಲದವರು, ಸಿನಿಮಾ ಬೋರ್ಡು ಬರೆದು ಬೆಳೆದವರು. ಪರದೆಯ ಮೇಲೆ ಒಂದು ನೆರಿಗೆಯ ಕೆಳತುದಿಗೆ ಬೆರಳಿಟ್ಟು, ಮೇಲಕ್ಕೆ ಜಾರಿಸುತ್ತಾ ಹೋದರು. ಬೆರಳು ಸಿಕ್ಕಿಸಿದ ಜಾಗಕ್ಕೆ ಮುಟ್ಟಿತು. ಇನ್ನೊಂದು ನೆರಿಗೆ, ಅದೂ ಮುಟ್ಟಿತು. ಎಡತೊಡೆಯ ಮೇಲಿನ ಮೂರನೆಯದು ನಡುದಾರಿಯಲ್ಲೇ ನಿಂತುಹೋಯಿತು. "ಇದು ಎಲ್ಲಿಂದ ಬಂತಪ್ಪಾ?" ಎಂದರು. ಅದು ಮೊಣಕಾಲಿನಿಂದ ಎಳೆದ ಮಡಿಕೆ, ನೆರಿಗೆ ಅಲ್ಲ ಎಂದು ತೋರಿಸಿದೆ. "ಹಂಗಾದ್ರೆ ಸರಿ. ಸೊಂಟದಿಂದ ಬರಬೇಕು, ಇಲ್ಲ ಮೊಣಕಾಲಿಂದ ಬರಬೇಕು. ಗಾಳೀಲಿ ಹುಟ್ಟೋ ನೆರಿಗೆ ಇಲ್ಲ." ಯಾವುದೇ ನೆರಿಗೆಯನ್ನು ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಇವತ್ತಿಗೂ ಗೊತ್ತಿಲ್ಲ.

ಕೈಗಳ ಸುತ್ತ ಬೇರೆಯದೇ ಕೆಲಸವಿತ್ತು. ಹಳೆಯ ಫೋಟೋದಲ್ಲಿ ಎರಡು ಕೈಯೂ ಕಪ್ಪು ಪ್ಯಾಂಟಿನ ಮುಂದೆ ಇಳಿಬಿದ್ದಿದ್ದವು. ಬೆರಳುಗಳ ಅಂಚಿಗೆ ಪ್ಯಾಂಟಿನ ಕಪ್ಪು ಹತ್ತಿಕೊಂಡಿತ್ತು. ಬಿಳಿ ಪಂಚೆಯ ಮುಂದೆ ಇಟ್ಟಾಗ ಕೈಗೆ ಸೀಸದ ಕಡ್ಡಿಯಿಂದ ಗೆರೆ ಎಳೆದ ಹಾಗಾಯಿತು. ಮಾಸ್ಕನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ತಂದು, ಉಳಿದ ಕಪ್ಪನ್ನು ಪಕ್ಕದ ಚರ್ಮದ ಬಣ್ಣದಿಂದ ತಿದ್ದಿದೆ. ಅದಕ್ಕಿಂತ ಮುಖ್ಯವಾದದ್ದು ಕೈಯ ನೆರಳು. ಕಪ್ಪು ಪ್ಯಾಂಟಿನ ಮೇಲೆ ಕೈಯ ನೆರಳು ಬಿದ್ದರೂ ಕಾಣುತ್ತಿರಲಿಲ್ಲ. ಬಿಳಿ ಪಂಚೆಯ ಮೇಲೆ ಅದು ಕಾಣದಿದ್ದರೆ ಕೈ ತೇಲುತ್ತದೆ. ಚಿಕ್ಕಪ್ಪನ ಫೋಟೋದಲ್ಲಿ ಅವರ ಕೈ ಪಂಚೆಯ ಮೇಲೆ ಬೀರಿದ್ದ ನೆರಳನ್ನು ಅಳತೆಗೆ ಇಟ್ಟುಕೊಂಡು, ಮಲ್ಟಿಪ್ಲೈ ಲೇಯರಿನಲ್ಲಿ ಎರಡು ನೆರಳು ಹಾಕಿದೆ. ಬೆರಳು ಬಟ್ಟೆಗೆ ತಾಗಿದ ಕಡೆ ಸಣ್ಣದಾಗಿ, ಗಾಢವಾಗಿ ಒಂದು. ಅದರ ಆಚೆ ಅಗಲವಾಗಿ, ತೆಳುವಾಗಿ ಇನ್ನೊಂದು. ಈ ಅಗಲದ ನೆರಳು ನೆರಿಗೆ ದಾಟುವಾಗ ಉಬ್ಬಿಗೆ ಬಂದಲ್ಲಿ ಒಂದು ಕಡೆಗೆ, ತಗ್ಗಿಗೆ ಇಳಿದಲ್ಲಿ ಇನ್ನೊಂದು ಕಡೆಗೆ ಬಾಗಬೇಕು. ನೇರವಾಗಿ ಹೋದರೆ ನೆರಿಗೆಯೆಲ್ಲ ಚಪ್ಪಟೆಯಾಗುತ್ತದೆ.

ಶಲ್ಯ ಸುಲಭವಾಗಿ ಕೂತಿತು, ಕುತ್ತಿಗೆ ಸತಾಯಿಸಿತು. ಷರ್ಟಿನ ಕಾಲರ್ ತೆಗೆದ ಮೇಲೆ ಅಲ್ಲಿಗೆ ಚಿಕ್ಕಪ್ಪನ ಕುತ್ತಿಗೆಯ ಬುಡವೂ ಎದೆಯೂ ಬಂದವು. ಬಿಸಿಲಲ್ಲಿ ಓಡಾಡುವವರ ಮುಖ ಕಪ್ಪಾಗಿರುತ್ತದೆ, ಷರ್ಟಿನೊಳಗಿನ ಎದೆ ತಿಳಿಯಾಗಿರುತ್ತದೆ. ಇಬ್ಬರ ಚರ್ಮವನ್ನೂ ಒಂದೇ ಬಣ್ಣಕ್ಕೆ ತಂದರೆ ಮುಖವಾಡ ಇಟ್ಟ ಹಾಗಾಗುತ್ತದೆ ಎಂದು, ಕುತ್ತಿಗೆಯಲ್ಲಿ ನಿಧಾನವಾಗಿ ತಿಳಿಯಾಗುತ್ತ ಹೋಗುವ ಹಾಗೆ ಕರ್ವ್ಸ್‌ನಲ್ಲಿ ಸರಿಮಾಡಿದೆ. ಗದ್ದದ ನೆರಳು ಮೊದಲು ಕಾಲರಿನ ಮೇಲೆ ಬೀಳುತ್ತಿತ್ತು, ಈಗ ಅದು ಕುತ್ತಿಗೆಯ ಮೇಲೆ ಮುಂದುವರಿಯಬೇಕು. ಶಲ್ಯದ ಒಳಮಗ್ಗುಲಿನ ನೆರಳನ್ನು ಬರೀ ಬೂದು ಬಣ್ಣದಲ್ಲಿ ಬಿಡಲಿಲ್ಲ. ಮೈಗೆ ಹತ್ತಿರ ಇರುವ ಬಿಳಿ ಬಟ್ಟೆ ಮೈಯ ಬಣ್ಣವನ್ನು ತುಸು ತೆಗೆದುಕೊಳ್ಳುತ್ತದೆ. ಅಲ್ಲಿ ನೆರಳಿಗೆ ಕಂದು ಬೆರೆಸಿದೆ. ಹೊರಗಿನ ಮಡಿಕೆಗಳ ನೆರಳು ಮಾತ್ರ ತಣ್ಣಗಿನ ಬೂದು ಬಣ್ಣದಲ್ಲೇ ಉಳಿಯಿತು.

ಪೋಸ್ಟರ್ 20×30 ಇಂಚಿನ ಡಬಲ್ ಕ್ರೌನ್, ಅದರಲ್ಲಿ ಅವರ ಚಿತ್ರ ಹತ್ತು ಇಂಚು ಎತ್ತರ. ಆಫ್‌ಸೆಟ್‌ನಲ್ಲಿ ಅಚ್ಚಾಗಬೇಕು. ಬಿಳಿ ಪಂಚೆಯ ದೊಡ್ಡ ಕಷ್ಟ ಇರುವುದು ಇಲ್ಲಿ. ಇಂಥ ಅಚ್ಚಿನಲ್ಲಿ ಬಿಳಿ ಎಂಬ ಶಾಯಿ ಇಲ್ಲ, ಶಾಯಿ ಬೀಳದ ಕಾಗದವೇ ಬಿಳಿ. ಪರದೆಯಲ್ಲಿ ನವುರಾಗಿ ಕಂಡ ತೆಳು ನೆರಿಗೆಗಳ ಜಾಗದಲ್ಲಿ ಶಾಯಿಯ ಚುಕ್ಕೆ ಶೇಕಡಾ 2ಕ್ಕಿಂತ ಕಡಿಮೆಯಾದರೆ ಅದು ಕಾಗದಕ್ಕೆ ಇಳಿಯುವುದೇ ಕಷ್ಟ. ಆ ಜಾಗವೆಲ್ಲ ಖಾಲಿ ಕಾಗದವಾಗಿ, ಪಂಚೆಯಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಆದ್ದರಿಂದ ಬಟ್ಟೆಯ ಅತಿ ಬೆಳಕಿನ ಜಾಗದಲ್ಲೂ ಶೇಕಡಾ 4ರಷ್ಟು ಚುಕ್ಕೆ ಉಳಿಯುವಂತೆ ನೋಡಿಕೊಂಡೆ. ಪೂರ್ತಿ ಖಾಲಿ ಬಿಟ್ಟದ್ದು ಜರಿಯ ಒಂದೆರಡು ಹೊಳಪನ್ನು ಮಾತ್ರ. ನೆರಿಗೆಯ ಆಳವಾದ ತಗ್ಗುಗಳನ್ನು 40ರ ಹತ್ತಿರ ನಿಲ್ಲಿಸಿದೆ. ಅದನ್ನೂ ಮೀರಿದರೆ ಮಾಸಿದ ಪಂಚೆ ಆಗುತ್ತದೆ. ಹಿನ್ನೆಲೆಗೆ ಮಗ ಹಳದಿ ಕೇಳಿದ್ದ. ಬಿಳಿ ಬಟ್ಟೆಯ ಅಂಚು ಹಳದಿಯಲ್ಲಿ ಕರಗಿಹೋಗುತ್ತದೆ ಎಂದು ಒಪ್ಪಿಸಿ, ತೇರಿನ ಕಡುಗೆಂಪು ಬಟ್ಟೆಯ ಬಣ್ಣವನ್ನು ಹಿಂದೆ ಇಟ್ಟೆವು.

ಪ್ರೂಫ್ ತೋರಿಸಿದ ದಿನ ತಾಯಿ ಮೊದಲು ಸೊಂಟ ನೋಡಿದರು, ಆಮೇಲೆ ಮುಖ. "ಗಂಟು ಇನ್ನೊಂಚೂರು ಎಡಕ್ಕೆ ಬರಬೇಕಿತ್ತು. ಅವರದ್ದು ನಡುವಿಗೆ ಕೂರುತ್ತಲೇ ಇರಲಿಲ್ಲ," ಎಂದರು. ಅದನ್ನು ಸರಿಸುವುದೆಂದರೆ ಗಂಟಿನಿಂದ ಹೊರಟ ಎಳೆತದ ಗೆರೆಗಳು, ಅಲ್ಲಿಂದ ಇಳಿದ ನೆರಿಗೆಗಳ ಕಟ್ಟು, ಎರಡನ್ನೂ ಜೊತೆಗೇ ಸರಿಸಬೇಕು. ಅವರ ಎದುರಿಗೇ ಕೂತು ಸರಿಸಿದೆ. ನೆರಿಗೆ ಎಡಕ್ಕೆ ಹೋದಾಗ ಸಡಿಲವಾದ ಎಡ ಮೊಣಕಾಲಿನ ಮೇಲೆ ಅದು ಇನ್ನೂ ಸಹಜವಾಗಿ ಬಿತ್ತು. ಚಿಕ್ಕಪ್ಪ ಬಹಳ ಹೊತ್ತು ನೋಡಿ, "ಹೌದು ಅತ್ತಿಗೆ, ಅಣ್ಣ ಹಿಂಗೇ ನಿಲ್ತಿದ್ದ," ಎಂದರು. ಪೋಸ್ಟರ್ ಆ ವಾರವೇ ಅಚ್ಚಾಗಿ ನಂಜನಗೂಡಿಗೆ ಹೋಯಿತು.

ಆ ಪಂಚೆಯ ಫೈಲನ್ನು ಮುಂದಿನ ಹಬ್ಬದಲ್ಲಿ ನಮ್ಮ ಅಂಗಡಿಯ ಇನ್ನೊಬ್ಬ ಹುಡುಗ ತೆರೆದ. ಗಣೇಶೋತ್ಸವದ ಪೋಸ್ಟರಿಗೆ ಒಬ್ಬ ಯುವಕ ಜೀನ್ಸ್ ಹಾಕಿದ ಫೋಟೋ ಕಳಿಸಿದ್ದ. ಸಿದ್ಧ ಪಂಚೆ ಇದೆಯಲ್ಲ ಎಂದು ಹುಡುಗ ಅದನ್ನೇ ಕೂರಿಸಿ ನೋಡಿದ. ಸಪೂರ ಹೊಟ್ಟೆಯ ಮೇಲೆ ಆ ಎಳೆತದ ಗೆರೆಗಳಿಗೆ ಕಾರಣವೇ ಇರಲಿಲ್ಲ. ಯುವಕ ಭಾರ ಹಾಕಿದ್ದು ಎಡಗಾಲಿಗೆ. ಬೆಳಕು ಎದುರಿನಿಂದ ಬಂದಿತ್ತು. ಕನ್ನಡಿಯಂತೆ ಎಡಬಲ ತಿರುಗಿಸಿದರೆ ಕಾಲು ಹೊಂದಿತು, ಆದರೆ ನೆರಳು ಆಗಲೂ ಹೊಂದಲಿಲ್ಲ. ಯಜಮಾನರು ಬಂದು ತಮ್ಮ ಬೆರಳಿನ ಪರೀಕ್ಷೆ ಮಾಡುವ ಮೊದಲೇ ಹುಡುಗ ಫೈಲ್ ಮುಚ್ಚಿದ.

ಆಮೇಲೆ ನಾವು ಗಂಜಿ ಹಾಕಿದ ಒಂದು ಎಂಟು ಮೊಳದ ಪಂಚೆ, ಒಂದು ಶಲ್ಯ ತಂದು ಸ್ಟುಡಿಯೋದ ಬೀರುವಿನಲ್ಲಿ ಇಟ್ಟೆವು. ಪಂಚೆಯಲ್ಲಿ ಮಾಡಿಕೊಡಿ ಎಂದು ಬಂದವರಿಗೆ, ಅವರೇ ಆದರೆ ಅವರಿಗೇ, ಬರಲಾರದವರಾದರೆ ಅವರ ಮೈಕಟ್ಟಿನ ಮನೆಯವರೊಬ್ಬರಿಗೆ ಅದನ್ನು ಉಡಿಸುತ್ತೇವೆ. ಉಡುವುದಕ್ಕೆ ಹತ್ತು ನಿಮಿಷ, ಫೋಟೋಗೆ ಹತ್ತು ನಿಮಿಷ. ಹೊಕ್ಕುಳಿನ ಮಟ್ಟ, ಗಂಟಿನ ಜಾಗ, ಶಲ್ಯ ಹೊದೆಯುವ ರೀತಿ, ಇವನ್ನು ಮನೆಯವರನ್ನೇ ಕೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ. ಕೆಲಸ ಕಲಿಯಲು ಬರುವ ಹುಡುಗರಿಗೆ ಫೋಟೋಶಾಪ್ ಹೇಳಿಕೊಡುವ ಮುಂಚೆ ಅದೇ ಬೀರುವಿನ ಪಂಚೆ ಕೊಟ್ಟು, ಕನ್ನಡಿಯ ಮುಂದೆ ಕಚ್ಚೆ ಹಾಕಿ ಉಟ್ಟುಕೊಂಡು ಬರಲು ಹೇಳುತ್ತೇನೆ.